‘ಯಥೋಚಿತವಾಗಿ ಉತ್ತರಿಸಿ’

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಅನೇಕರು ಮುಂಬಯಿಯ ಕಚೇರಿಗಳಲ್ಲಿ ದುಡಿಯುವವರು. ಅವರಿಗೆ ಈ ಷರಾ ಹೊಸತಲ್ಲ. ಮ್ಯಾನೇಜರರಿಂದ ಇ-ಮೇಲ್ ಬರುತ್ತದೆ. ವಿಭಾಗದ ಮುಖ್ಯರು ಅದನ್ನೋದಿ, ‘ರಿಪ್ಲೈ ಸೂಟೆಬ್ಲಿ’ ಎಂದು ಎರಡೇ ಮಾತು ಬರೆದು ಗುಮಾಸ್ತರ ಕಡೆಗೆ ದಾಟಿಸುತ್ತಾರೆ. ಒಪ್ಪಬೇಕೋ, ಆಗದೆನ್ನಬೇಕೋ, ಕಾಲಾವಕಾಶ ಬೇಡಬೇಕೋ, ಒಂದೂ ಅದರಲ್ಲಿರುವುದಿಲ್ಲ.

ನಮ್ಮ ಬಳಗದ ಗುಮಾಸ್ತರೊಬ್ಬರಿಗೆ ಒದಗಿದ ಪ್ರಸಂಗವನ್ನೇ ನೋಡೋಣ. ಒಂದು ಮಂಗಳವಾರ ಬಂದ ಇ-ಮೇಲಿನಲ್ಲಿ ಎರಡು ಮಾತುಗಳಿದ್ದುವು. ಹಿಂದಿನ ತಿಂಗಳ ದಾಸ್ತಾನು ಪಟ್ಟಿ ಇನ್ನೂ ತಲುಪಿಲ್ಲ, ಕಳಿಸಿರಿ. ಪುಣೆಯ ಗೋದಾಮಿನ ಎಣಿಕೆಗಾಗಿ ಸೋಮವಾರದಿಂದ ಎರಡು ವಾರಕ್ಕೆ ನಿಮ್ಮಲ್ಲಿಂದ ಒಬ್ಬರು ಬೇಕು, ಗುರುವಾರದೊಳಗೆ ಹೆಸರು ತಿಳಿಸಿರಿ. ಇವರು ಮುಖ್ಯರ ಹೆಸರಿನಲ್ಲಿ ಹೀಗೆ ಉತ್ತರಿಸಿದರು: “ತಮ್ಮ ಸೂಚನೆಯನ್ನು ಗಮನಿಸಿದೆ. ತಕ್ಕ ವ್ಯವಸ್ಥೆ ಮಾಡಲಾಗುವುದು.”

ಬರೆದವರ ಮನಸ್ಸಿನಲ್ಲಿದ್ದುದು ಬರಿಯ ಮರ್ಯಾದೆ. ಓದಿದವರಿಗೆ ಕಂಡದ್ದು ಒಪ್ಪಿಗೆ. ಮುಖ್ಯರಿಗೋ ಯಾರನ್ನೂ ಕಳಿಸುವ ಮನಸ್ಸಿರಲಿಲ್ಲ. ಇದ್ದ ಮೂವರಲ್ಲಿ ಒಬ್ಬರು ಆಗಲೇ ರಜೆಯಲ್ಲಿದ್ದರು. ಗುರುವಾರ ಅವರು ಆಗದೆಂದಾಗ, “ಮಂಗಳವಾರವೇ ಒಪ್ಪಿ ಬರೆದಿದ್ದೀರಲ್ಲ?” ಎಂಬ ಪ್ರಶ್ನೆ ಬಂತು. ಕಡೆಗೆ, ತಂದೆಯ ಶ್ರಾದ್ಧಕ್ಕೆಂದು ಧಾರವಾಡಕ್ಕೆ ಟಿಕೇಟು ತೆಗೆಸಿದ್ದ ಇನ್ನೊಬ್ಬ ಗುಮಾಸ್ತರು ಅದನ್ನು ರದ್ದುಮಾಡಿ ಪುಣೆಗೆ ಹೋಗಬೇಕಾಯಿತು.

‘ನೋಟೆಡ್’, ‘ವಿಲ್ ಡೂ ದಿ ನೀಡ್‌ಫುಲ್’ ಎಂಬ ಒಕ್ಕಣೆಗಳ ತೊಡಕೇ ಇದು. ಸುದ್ದಿ ಬಂದಾಗ ‘ನೋಟೆಡ್’ ಎಂದರೆ ತಿಳಿಯಿತೆಂದು ಅರ್ಥ. ಬೇಡಿಕೆ ಬಂದಾಗ ಅದೇ ಮಾತು ಹೂಂಗುಟ್ಟಿದಂತೆ. ಆದಕಾರಣ ಕರಡಿಗೆ ಕೈಹಾಕುವ ಮುನ್ನ ಇ-ಮೇಲಿನ ಪ್ರತಿಯೊಂದು ಮಾತಿಗೂ ಉತ್ತರ ಎಲ್ಲಿದೆಯೆಂದು ನೋಡಬೇಕು. ಪಟ್ಟಿಯ ಮಾತಿಗೆ ಉತ್ತರ ಕಡತದಲ್ಲಿದೆ; ಗುಮಾಸ್ತರೇ ತೆಗೆದು ಲಗತ್ತಿಸಬಹುದು. ಆಳಿನ ಮಾತಿಗೆ ಉತ್ತರ ಮುಖ್ಯರ ತಲೆಯಲ್ಲಿ ಮಾತ್ರ ಇದೆ, ಒಂದು ವೇಳೆ ಅಲ್ಲಿಯೂ ಇನ್ನೂ ಮೂಡಿಲ್ಲ. ಹಳೆಯ ಪತ್ರಗಳ ಸರಪಳಿಯನ್ನು ಕೆಳಗಿನವರೆಗೆ ಓದುವುದೂ ಲೇಸು. ಕೆಲವೊಮ್ಮೆ ನಿರ್ಧಾರ ಹಿಂದಿನ ವಾರವೇ ಆಗಿರುತ್ತದೆ, ಮುಖ್ಯರು ನಮಗೆ ಗೊತ್ತಿದೆಯೆಂದೇ ಭಾವಿಸಿರುತ್ತಾರೆ.

ಹಾಗೆ ಏನೂ ಸಿಗದಿದ್ದರೆ ಮುಖ್ಯರನ್ನು ಕೇಳದೆ ಗತಿಯಿಲ್ಲ. ಆದರೆ “ಏನೆಂದು ಬರೆಯಲಿ, ಸಾರ್?” ಎಂದು ಹೋಗಿ ನಿಂತರೆ ಅವರಿಗೆ ರೇಗುವುದು ಸಹಜ. ಆ ಎರಡು ಮಾತು ಬರೆದದ್ದೇ ಬರೆಯುವ ಶ್ರಮ ತಪ್ಪಲೆಂದು! ಕರಡನ್ನು ಪೂರ್ತಿ ಸಿದ್ಧಮಾಡಿ, ನಿರ್ಧಾರದ ಜಾಗದಲ್ಲಿ ಮಾತ್ರ ಎರಡು ವಾಕ್ಯಗಳನ್ನಿಟ್ಟು ಒಯ್ಯಬೇಕು. ಒಂದು: “ಸೋಮವಾರದಿಂದ ಶ್ರೀ — ಅವರನ್ನು ಕಳಿಸುತ್ತೇವೆ.” ಇನ್ನೊಂದು: “ಈಗ ವಿಭಾಗದಲ್ಲಿ ಇಬ್ಬರೇ ಇರುವುದರಿಂದ ಆ ಎರಡು ವಾರ ಯಾರನ್ನೂ ಕಳಿಸಲಾಗದು.” ಯಾವುದನ್ನು ಉಳಿಸಲಿ ಎಂದಷ್ಟೇ ಕೇಳಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆ ಹೆಸರಿನ ಜಾಗವನ್ನು ಊಹೆಯಿಂದ ತುಂಬಬಾರದು.

ಮುಖ್ಯರು ಊರಲ್ಲಿಲ್ಲ, ಫೋನಿಗೂ ಸಿಗರು, ಗಡುವು ಮಾತ್ರ ಹತ್ತಿರವಾಗುತ್ತಿದೆ ಎಂದಿಟ್ಟುಕೊಳ್ಳಿ. ಆಗ ಗುಮಾಸ್ತರು ತಮ್ಮ ಹೆಸರಿನಲ್ಲೇ, ಮುಖ್ಯರಿಗೂ ಪ್ರತಿ ಹೋಗುವಂತೆ, ಹೀಗೆ ಬರೆಯಬಹುದು:

“ತಮ್ಮ ಮಂಗಳವಾರದ ಇ-ಮೇಲ್ ತಲುಪಿದೆ. ದಾಸ್ತಾನು ಪಟ್ಟಿಯನ್ನು ಇದರೊಡನೆ ಲಗತ್ತಿಸಿದೆ. ಪುಣೆಗೆ ಒಬ್ಬರನ್ನು ಕಳಿಸುವ ವಿಷಯವನ್ನು ಮುಖ್ಯರ ಮುಂದಿಟ್ಟಿದ್ದೇನೆ. ಅದರ ಬಗ್ಗೆ ಅವರೇ ತಮಗೆ ಉತ್ತರಿಸುವರು.”

ಇದರಲ್ಲಿ ಹೂಂ ಇಲ್ಲ, ಊಹೂಂ ಇಲ್ಲ. ‘ಗುರುವಾರದೊಳಗೆ ಉತ್ತರಿಸುವರು’ ಎಂದೂ ಇಲ್ಲ. ಬೇರೆಯವರ ಪರವಾಗಿ ದಿನ ಗೊತ್ತುಮಾಡುವುದೂ ಒಂದು ಮಾತು ಕೊಟ್ಟಂತೆಯೇ. ತಡಕ್ಕೆ ‘ಮುಖ್ಯರಿಗೆ ಮೈ ಸರಿಯಿಲ್ಲ’ ಎಂಬಂಥ ಕಾರಣವನ್ನು ಹೊಸೆಯುವವರೂ ಉಂಟು. ಅದೇ ದಿನ ಮ್ಯಾನೇಜರರೇ ಅವರಿಗೆ ಫೋನು ಮಾಡಿದರೆ ಪಾಡೇನು? ಆದರೂ ಈ ಬಗೆಯ ಉತ್ತರ ಒಮ್ಮೆಗೆ ಮಾತ್ರ ಸಲ್ಲುತ್ತದೆ; ಎರಡನೆಯ ಸಲವೂ ಅದನ್ನೇ ಬರೆದರೆ ಜಾರಿಕೊಳ್ಳುತ್ತಿದ್ದಾರೆಂದು ಓದುವವರು ತಿಳಿಯುತ್ತಾರೆ.

ಇನ್ನೊಂದು ಸಣ್ಣ ಸಂಗತಿ. ಎರಡು ವಾಕ್ಯಗಳುಳ್ಳ ಕರಡು ಅಕಸ್ಮಾತ್ತಾಗಿ ಹಾಗೆಯೇ ಹೊರಟುಹೋದರೆ ನಗೆಪಾಟಲು. ನಮ್ಮ ಆ ಸ್ನೇಹಿತರು ಈಗ ವಿಳಾಸದ ಜಾಗವನ್ನು ಖಾಲಿಯಿಟ್ಟೇ ಬರೆಯಲು ಕೂಡುತ್ತಾರೆ; ಒಂದು ವಾಕ್ಯ ಹೊಡೆದುಹಾಕಿದ ಮೇಲೆಯೇ ಮ್ಯಾನೇಜರರ ವಿಳಾಸವನ್ನು ತುಂಬುತ್ತಾರೆ.