ಚುಕ್ಕಿಯಿಂದ ಗೆರೆಗೆ

ನಲಿಕಲಿ ತರಗತಿಗಳಲ್ಲಿ ಕನ್ನಡ ಅಕ್ಷರಗಳ ಕಲಿಕೆ ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ‘ರ’ವನ್ನೇ ನೋಡೋಣ. ಒಂದು ದುಂಡು, ಮೇಲೊಂದು ತಲೆಕಟ್ಟು. ಹಾಗಾಗಿ ಮೊದಲ ಹಾಳೆಯಲ್ಲಿ ಅಕ್ಷರವೇ ಬೇಡ. ದುಂಡು, ಅರೆದುಂಡು, ಅಡ್ಡಗೆರೆ ಸಾಕು.

ಎರಡನೆಯ ಹಾಳೆಯಲ್ಲಿ ಚುಕ್ಕಿಗಳ ‘ರ’. ಎಲ್ಲಿ ಶುರು, ಯಾವ ಕಡೆಗೆ ಎಂದು ತೋರಿಸುವ ಬಾಣವೂ ಇರಬೇಕು. ಇಲ್ಲೇ ಹೆಚ್ಚು ಎಡವಟ್ಟಾಗುವುದು. ಮಗು ಅಕ್ಷರ ಬರೆಯದೆ ಚುಕ್ಕಿಯಿಂದ ಚುಕ್ಕಿಗೆ ಪೆನ್ಸಿಲ್ ನಿಲ್ಲಿಸುತ್ತಾ ಹೋಗುತ್ತದೆ. ದುಂಡು ಮೂಲೆಮೂಲೆಯಾಗಿದ್ದರೆ ಇದೇ ಕಾರಣ. ಹಾಳೆ ಮಾತ್ರ ತುಂಬಿರುತ್ತದೆ, ಕೈ ಕಲಿತಿರುವುದಿಲ್ಲ. ಅದಕ್ಕೇ ಒಂದೇ ಸಾಲಿನಲ್ಲಿ ಚುಕ್ಕಿಗಳು ಕಡಿಮೆಯಾಗುತ್ತಾ ಬರಬೇಕು: ಮೊದಲು ಪೂರ್ತಿ ಅಕ್ಷರ, ಆಮೇಲೆ ಅರ್ಧ, ಕೊನೆಗೆ ಶುರುವಿನ ಒಂದು ಚುಕ್ಕಿ. ಆ ಒಂದರಿಂದಲೇ ‘ರ’ ಮೂಡಿದರೆ ತಿದ್ದುವ ಹಾಳೆಯ ಕೆಲಸ ಮುಗಿಯಿತು. ಅಲ್ಲಿ ತಡವರಿಸಿದರೆ ಒಂದು ಹೆಜ್ಜೆ ಹಿಂದೆ ಹೋಗುವುದೇ ಸರಿ. ಇನ್ನಷ್ಟು ಹಾಳೆ ತುಂಬಿಸಿ ಫಲವಿಲ್ಲ.

ನಂತರ ದೊಡ್ಡ ಚೌಕ, ಆಮೇಲೆ ಎರಡು ಗೆರೆಯ ಪುಸ್ತಕ. ಅಕ್ಷರದ ಮೈ ಎರಡು ಗೆರೆಗಳ ನಡುವೆ ಕೂರಬೇಕು. ‘ಅಮ್ಮ’ ಬರೆಯುವಾಗ ಒತ್ತು ಕೆಳಗೆರೆಯಿಂದ ಕೆಳಗಿಳಿಯುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಒತ್ತಕ್ಷರ ಕುಗ್ಗಿ ಮುಂದಿನ ಸಾಲಿಗೆ ತಾಗುತ್ತದೆ. ಪುಸ್ತಕ ಕೊಳ್ಳುವಾಗ ನೋಡಬೇಕಾದದ್ದು ಈ ಅಂತರವನ್ನೇ.