ತೆರೆದ ವರ್ಮೌತ್‌ಗೆ ಫ್ರಿಜ್ಜೇ ಸರಿಯಾದ ಜಾಗ

ವಿಸ್ಕಿ, ಜಿನ್‌ಗಳ ಪಕ್ಕದಲ್ಲೇ ವರ್ಮೌತ್ ಬಾಟಲಿಯನ್ನೂ ಇಡುವ ರೂಢಿ ಎಲ್ಲೆಡೆ ಇದೆ. ಎಷ್ಟೋ ವರ್ಮೌತ್ ಕೆಡುವುದು ಈ ರೂಢಿಯಿಂದಲೇ. ಅದರ ಮುಕ್ಕಾಲು ಪಾಲು ದ್ರಾಕ್ಷಾರಸದ ವೈನ್. ಅದಕ್ಕೆ ಗಿಡಮೂಲಿಕೆ, ಬೇರು, ತೊಗಟೆ, ಕಿತ್ತಳೆ ಸಿಪ್ಪೆಗಳ ಪರಿಮಳ ಹಿಡಿಸಿ, ಒಂದಿಷ್ಟು ಸ್ಪಿರಿಟ್ ಮತ್ತು ಸಕ್ಕರೆ ಸೇರಿಸಿರುತ್ತಾರೆ. ಯುರೋಪಿನ ನಿಯಮದ ಪ್ರಕಾರ ಆರ್ಟಿಮೀಸಿಯಾ ಕುಲದ ಸಸ್ಯವಿಲ್ಲದೆ ವರ್ಮೌತ್ ಇಲ್ಲ. ನಮ್ಮ ಹೂಮಾಲೆಗಳಲ್ಲಿ ಘಮಘಮಿಸುವ ದವನವೂ ಅದೇ ಕುಲದ್ದು. 1786ರಲ್ಲಿ ಇಟಲಿಯ ಟ್ಯುರಿನ್‌ನಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ಮಾರಾಟಕ್ಕಿಟ್ಟ ಸಿಹಿ ವರ್ಮೌತ್ ಊರಿನ ಅಚ್ಚುಮೆಚ್ಚಾಯಿತು. ಸಿಹಿ ಕಡಿಮೆಯಿರುವ, ತಿಳಿಬಣ್ಣದ ಡ್ರೈ ಬಗೆಗೆ ಹೆಸರು ತಂದದ್ದು ಫ್ರಾನ್ಸ್.

ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 40ರಷ್ಟಿದ್ದರೆ ವರ್ಮೌತ್‌ನಲ್ಲಿ ಸಾಮಾನ್ಯವಾಗಿ 15ರಿಂದ 18. ಮಾಮೂಲಿ ವೈನ್‌ಗಿಂತ ಇದು ಹೆಚ್ಚು, ಹಾಗಾಗಿ ಎರಡೇ ದಿನಕ್ಕೆ ಕೆಡುವುದಿಲ್ಲ. ಆದರೆ ಮುಚ್ಚಳ ತೆರೆದೊಡನೆ ಒಳಹೊಕ್ಕ ಗಾಳಿಯ ಆಮ್ಲಜನಕ ತನ್ನ ಕೆಲಸ ಶುರುಮಾಡುತ್ತದೆ. ಮೊದಲು ಹೋಗುವುದು ಕಿತ್ತಳೆಯ, ಹಸಿಮೂಲಿಕೆಯ ಸೂಕ್ಷ್ಮ ಪರಿಮಳ. ಆಮೇಲೆ ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಬರುತ್ತದೆ, ತಿಳಿಬಣ್ಣ ಕಂದುಗಟ್ಟುತ್ತದೆ. ಬೆಚ್ಚಗಿನ ಜಾಗದಲ್ಲಿ ಇದೆಲ್ಲ ಬೇಗ ಬೇಗ ನಡೆಯುತ್ತದೆ. ಫ್ರಿಜ್ ಇದನ್ನು ನಿಲ್ಲಿಸಲಾರದು, ನಿಧಾನಗೊಳಿಸುತ್ತದೆ ಅಷ್ಟೆ. ಅಲ್ಲಿಟ್ಟರೆ ಡ್ರೈ ವರ್ಮೌತ್ ಸುಮಾರು ಒಂದು ತಿಂಗಳು, ಸಿಹಿಯದು ಎರಡು ತಿಂಗಳು ಚೆನ್ನಾಗಿರುತ್ತದೆ. ಸಿಹಿಯೂ ದಟ್ಟ ಮಸಾಲೆಯೂ ಸಣ್ಣಪುಟ್ಟ ಕುಂದನ್ನು ಮರೆಮಾಚುತ್ತವೆ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿಯೇ ಹೆಚ್ಚು, ಆದ್ದರಿಂದ ಉಳಿದದ್ದನ್ನು ಚಿಕ್ಕ ಬಾಟಲಿಗೆ ತುಂಬಿಡುವುದು ಒಳ್ಳೆಯದು. ಅಪರೂಪಕ್ಕೆ ಬಳಸುವವರು 375 ಮಿ.ಲೀ. ಬಾಟಲಿ ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ತೆರೆದ ದಿನಾಂಕವನ್ನು ಲೇಬಲ್ ಮೇಲೆ ಬರೆದಿಡಿ. ತೆರೆಯದ ಬಾಟಲಿಗೆ ಬಿಸಿಲು ತಾಗದ ತಂಪು ಜಾಗ ಸಾಕು.

ಹಳಸಿದ ವರ್ಮೌತ್ ಏನು ಮಾಡುತ್ತದೆ ಎಂಬುದು ನೆಗ್ರೋನಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಜಿನ್, ಕಂಪಾರಿ, ಸಿಹಿ ವರ್ಮೌತ್ ತಲಾ 30 ಮಿ.ಲೀ. ಹಾಕಿ, ಐಸ್ ಜೊತೆ ಕಲಕಿ, ಕಿತ್ತಳೆ ಸಿಪ್ಪೆ ಹಿಂಡಿ ಕೊಡುವ ಪಾನೀಯವಿದು. ಅದರಲ್ಲಿ ಮೂರನೇ ಒಂದು ಪಾಲು ವರ್ಮೌತ್. ಜಿನ್‌ನ ಖಾರವನ್ನೂ ಕಂಪಾರಿಯ ಕಹಿಯನ್ನೂ ಹೊಂದಿಸುವುದು ಅದೇ. ಅದರ ಪರಿಮಳ ಸತ್ತಿದ್ದರೆ ಬರೀ ಕಹಿ ಮತ್ತು ಸಕ್ಕರೆ ನಾಲಿಗೆಗೆ ಹತ್ತುತ್ತವೆ. ಹಾಗಾದಾಗ ಜನ ಜಿನ್ ಬದಲಾಯಿಸಿ ನೋಡುತ್ತಾರೆ! ಅದಕ್ಕೆ ಮುಂಚೆ ಒಂದು ಚಮಚ ವರ್ಮೌತ್ ಸುರಿದು ಹಾಗೇ ರುಚಿ ನೋಡಬೇಕು.

ಇಟಲಿ, ಸ್ಪೇನ್‌ಗಳಲ್ಲಿ ಅದನ್ನು ಬರೀ ಐಸ್, ಕಿತ್ತಳೆ ಹೋಳು, ಸ್ವಲ್ಪ ಸೋಡಾ ಹಾಕಿ ಊಟಕ್ಕೆ ಮುಂಚೆ ಕುಡಿಯುತ್ತಾರೆ. ಜೊತೆಗೆ ಆಲಿವ್. ಅಡುಗೆಗೆ ಡ್ರೈ ಬಗೆ ಒದಗುತ್ತದೆ. ಮೀನು ಹುರಿದ ಬಾಣಲೆಗೆ ಸ್ವಲ್ಪ ಸುರಿದು, ತಳಕ್ಕೆ ಹತ್ತಿದ್ದನ್ನು ಕೆರೆದು, ಅರ್ಧಕ್ಕೆ ಇಳಿಯುವಷ್ಟು ಕುದಿಸಿ, ಬೆಣ್ಣೆ ಸೇರಿಸಿದರೆ ಸಾಸ್ ಸಿದ್ಧ. ಪರಿಮಳ ತುಸು ಮಂಕಾದ ಬಾಟಲಿಯೂ ಇದಕ್ಕೆ ನಡೆಯುತ್ತದೆ. ಹುಳಿ ವಿನೆಗರ್ ವಾಸನೆ ಬಂದದ್ದನ್ನು ಮಾತ್ರ ಚೆಲ್ಲಿಬಿಡಿ.