ದಿಕ್ಕು ಬಿಡದ ಬಾಣ

ಐಗನ್‌ವೆಕ್ಟರ್ ಪಾಠವನ್ನು ಸಮೀಕರಣದಿಂದ ಶುರು ಮಾಡಬೇಡಿ. ಪರದೆಯ ಮೇಲೆ ಒಂದು ಚೌಕಾಕಾರದ ಫೋಟೋ ಇಡಿ. ಅದರ ಎಡ ಕೆಳಮೂಲೆಯಿಂದ ಮೂರು ಬಾಣ ಎಳೆಯಿರಿ: ಒಂದು ಅಡ್ಡಕ್ಕೆ, ಒಂದು ನೇರ ಮೇಲಕ್ಕೆ, ಒಂದು ಕರ್ಣದ ಗುಂಟ.

ಮೊದಲು ಫೋಟೋವನ್ನು ಅಡ್ಡಲಾಗಿ ಎರಡರಷ್ಟು ಹಿಗ್ಗಿಸಿ. ಅಡ್ಡ ಬಾಣ ಎರಡರಷ್ಟು ಉದ್ದವಾಗುತ್ತದೆ, ಮೇಲ್ಮುಖದ್ದು ಇದ್ದ ಹಾಗೇ ಇರುತ್ತದೆ, ಕರ್ಣದ ಬಾಣ ಮಾತ್ರ ವಾಲುತ್ತದೆ. ತನ್ನ ಗೆರೆ ಬಿಡದ ಬಾಣಗಳೇ ಐಗನ್‌ವೆಕ್ಟರ್‌ಗಳು. ಎಷ್ಟು ಪಟ್ಟು ಹಿಗ್ಗಿದವು ಎಂಬುದು ಐಗನ್ ಮೌಲ್ಯ. ಇಲ್ಲಿ 2 ಮತ್ತು 1.

ಈಗ ಬುಡ ಕದಲದಂತೆ, ಮೇಲಂಚನ್ನು ಫೋಟೋದ ಎತ್ತರದಷ್ಟೇ ಬಲಕ್ಕೆ ಜರುಗಿಸಿ. ಗುಂಡಿ ಒತ್ತುವ ಮುನ್ನ ಮಕ್ಕಳಿಂದ ಊಹೆ ಬರೆಸಿಕೊಳ್ಳಿ. ಎತ್ತರ ಬದಲಾಗದ ಕಾರಣ ಮೇಲ್ಮುಖ ಬಾಣವೂ ಉಳಿಯುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಅದು 45 ಡಿಗ್ರಿ ವಾಲುತ್ತದೆ. ಉಳಿಯುವುದು ಅಡ್ಡ ಬಾಣವೊಂದೇ.

ಇಷ್ಟಕ್ಕೇ ನಿಲ್ಲಿಸಿದರೆ ಫೋಟೋದ ಅಂಚುಗಳಲ್ಲೇ ಐಗನ್‌ವೆಕ್ಟರ್ ಇರುತ್ತದೆಂಬ ತಪ್ಪು ಕಲ್ಪನೆ ಬೇರೂರುತ್ತದೆ. ಅದನ್ನು ಅಲುಗಿಸಲು ಈ ಮ್ಯಾಟ್ರಿಕ್ಸ್ ಕೊಡಿ:

```
2 1
1 2
```

ಅಡ್ಡ ಬಾಣ (1, 0) ಈಗ (2, 1) ಆಗುತ್ತದೆ, ಮೇಲ್ಮುಖದ (0, 1) ಬಾಣ (1, 2) ಆಗುತ್ತದೆ. ಎರಡು ಅಂಚುಗಳೂ ವಾಲಿದವು. ಆದರೆ ಮೊದಲು ಸೋತಿದ್ದ ಕರ್ಣದ (1, 1) ಈಗ (3, 3): ದಿಕ್ಕು ಅದೇ, ಉದ್ದ ಮೂರು ಪಟ್ಟು. ಇನ್ನೊಂದು ಕರ್ಣದ ದಿಕ್ಕಿನ (1, −1) ಕದಲುವುದೇ ಇಲ್ಲ. ಅದನ್ನು ಮಕ್ಕಳೇ ಹುಡುಕಲಿ, ಅವಸರ ಬೇಡ.

ಕೊನೆಗೆ ಫೋಟೋವನ್ನು 90 ಡಿಗ್ರಿ ತಿರುಗಿಸಿ, ಉಳಿದ ಬಾಣ ಯಾವುದೆಂದು ಕೇಳಿ. ಒಂದೂ ಸಿಗುವುದಿಲ್ಲ. Av = λv ಎಂದು ಬೋರ್ಡಿನ ಮೇಲೆ ಬರೆಯಲು ಇದೇ ಸರಿಯಾದ ಹೊತ್ತು.